ಕುಂಕುಮದ ಸೆರಗನ್ನು ಫೋನು ಕಂದು ಎನ್ನುವುದೇಕೆ?

ಕ್ಯಾಮೆರಾದ ಮುಂದೆ ಹಿಡಿದ ವಸ್ತುವಿನ ಬಣ್ಣವನ್ನು ಗಟ್ಟಿಯಾಗಿ ಹೇಳುವ ಆ್ಯಪ್‌ಗಳು ಅಂಧರಿಗೆ ಹೊಸದೇನಲ್ಲ. ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ 2017ರಲ್ಲಿ ಐಫೋನ್‌ಗೂ 2023ರ ಡಿಸೆಂಬರ್‌ನಲ್ಲಿ ಆಂಡ್ರಾಯ್ಡ್‌ಗೂ ಬಂದಿತು. ಬಣ್ಣವನ್ನಷ್ಟೇ ಹೇಳುವ ಸಣ್ಣ ಆ್ಯಪ್‌ಗಳು ಅದಕ್ಕೂ ಮೊದಲಿನಿಂದ ಇವೆ. ಇಡೀ ದೃಶ್ಯವನ್ನೇ ವರ್ಣಿಸುವ ಆ್ಯಪ್‌ಗಳು ಬಂದ ಮೇಲೆ "ಫೋನೇ ಈಗ ಕಣ್ಣು" ಎಂಬ ಧಾಟಿಯ ಸುದ್ದಿಗಳು ಹೆಚ್ಚಾಗಿವೆ. ಆದರೆ ಅವನ್ನು ದಿನವೂ ಬಳಸುವವರನ್ನು ಕೇಳಿದರೆ ಬೇರೆಯದೇ ಮಾತು ಬರುತ್ತದೆ: ಒಂದೇ ಸೀರೆಗೆ ಬೆಳಿಗ್ಗೆ ಒಂದು ಹೆಸರು, ಸಂಜೆ ಇನ್ನೊಂದು, ಕರಿ ಪ್ಯಾಂಟು ಬೂದು ಆಗುತ್ತದೆ, ನೀಲಿ ಜೀನ್ಸ್ ಕೂಡ ಬೂದೇ ಆಗುತ್ತದೆ. ಸುದ್ದಿಯೂ ಸುಳ್ಳಲ್ಲ, ದೂರೂ ಸುಳ್ಳಲ್ಲ. ಎರಡೂ ಹೇಗೆ ನಿಜವಾಗುತ್ತವೆ ಎಂಬುದು ತಿಳಿಯಬೇಕಾದರೆ, ಕ್ಯಾಮೆರಾದ ಗುಂಡಿಗೂ ಕಿವಿಗೆ ಬೀಳುವ ಪದಕ್ಕೂ ನಡುವೆ ಏನು ನಡೆಯುತ್ತದೆ ಎಂಬುದನ್ನು ಒಂದು ಬಟ್ಟೆಯನ್ನು ಹಿಡಿದುಕೊಂಡೇ ನೋಡುವುದು ಒಳ್ಳೆಯದು.

ಆ್ಯಪ್ ನೋಡುವುದು ಬಟ್ಟೆಯನ್ನಲ್ಲ

ಬಣ್ಣ ಹೇಳುವ ಸರಳ ಆ್ಯಪ್ ಬಟ್ಟೆಯನ್ನು ಗುರುತಿಸುವುದಿಲ್ಲ. ಅದು ಪರದೆಯ ನಡುವಿನ ಒಂದು ಸಣ್ಣ ಚೌಕದಲ್ಲಿರುವ ಚುಕ್ಕಿಗಳನ್ನಷ್ಟೇ ಓದುತ್ತದೆ. ಪ್ರತಿ ಚುಕ್ಕಿಗೂ ಮೂರು ಅಂಕಿಗಳಿರುತ್ತವೆ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಪ್ರತಿಯೊಂದೂ 0ಯಿಂದ 255ರ ಒಳಗೆ ಇರುತ್ತದೆ. ಆ ಚೌಕದ ಎಲ್ಲ ಚುಕ್ಕಿಗಳ ಸರಾಸರಿ ತೆಗೆದರೆ ಮೂರು ಅಂಕಿಗಳ ಒಂದು ಗುಂಪು ಸಿಗುತ್ತದೆ. ಆ್ಯಪ್‌ನೊಳಗೆ ಬಣ್ಣದ ಹೆಸರುಗಳ ಒಂದು ಪಟ್ಟಿ ಇದ್ದು, ಪ್ರತಿ ಹೆಸರಿನ ಎದುರಿಗೂ ಅಂಥದೇ ಮೂರು ಅಂಕಿಗಳಿರುತ್ತವೆ. ಸಿಕ್ಕಿದ ಗುಂಪಿಗೆ ಪಟ್ಟಿಯಲ್ಲಿ ಯಾವುದು ಎಲ್ಲಕ್ಕಿಂತ ಹತ್ತಿರವೋ ಆ ಹೆಸರನ್ನು ಫೋನಿನ ಧ್ವನಿ ಓದಿ ಹೇಳುತ್ತದೆ.

ಹೀಗಾಗಿ ತಪ್ಪು ನುಸುಳುವ ಜಾಗಗಳು ನಾಲ್ಕು: ಬಟ್ಟೆಯ ಮೇಲೆ ಬಿದ್ದ ಬೆಳಕು, ಆ ಬೆಳಕನ್ನು ಕ್ಯಾಮೆರಾ ತಾನಾಗಿ ತಿದ್ದುವ ರೀತಿ, ಚೌಕದ ಸರಾಸರಿ, ಮತ್ತು ಹೆಸರಿನ ಪಟ್ಟಿ. ಸಾಮಾನ್ಯವಾಗಿ ಬೈಗುಳವೆಲ್ಲ ಕ್ಯಾಮೆರಾದ ಪಾಲಿಗೆ ಹೋಗುತ್ತದೆ. ಆದರೆ ವಿಚಿತ್ರವಾದ ತಪ್ಪುಗಳ ದೊಡ್ಡ ಪಾಲು ಪಟ್ಟಿಯದು.

ಕೊಪ್ಪಳದ ಒಂದು ಸೆರಗು

ಕೊಪ್ಪಳದ ಒಂದು ಮನೆಯಲ್ಲಿ ಮದುವೆಗೆ ಹೊರಟ, ಕಣ್ಣು ಕಾಣದ ಒಬ್ಬ ಮಹಿಳೆ ಟ್ರಂಕಿನಿಂದ ಇಳಕಲ್ ಸೀರೆಯೊಂದನ್ನು ತೆಗೆದಿದ್ದಾರೆ ಎಂದುಕೊಳ್ಳೋಣ. ಸೆರಗು ಕುಂಕುಮಗೆಂಪು. ಅದಕ್ಕೆ ಹೊಂದುವ ಕುಪ್ಪಸ ಹುಡುಕಬೇಕು. ಜಗಲಿಯ ಮೇಲೆ, ನೆರಳಿಲ್ಲದ ಬೆಳಗಿನ ಬೆಳಕಿನಲ್ಲಿ ಸೆರಗನ್ನು ಹಿಡಿದರೆ ಕ್ಯಾಮೆರಾಕ್ಕೆ ಸಿಗುವ ಅಂಕಿಗಳು 165, 20, 35 ಎಂದಿರಲಿ. ಅದೇ ಸೆರಗನ್ನು ಒಳಕೋಣೆಯ ದೀಪದಡಿ ಹಿಡಿದಾಗ ಬೆಳಕು ಕಡಿಮೆಯಾಗಿ, ಬಣ್ಣ ಸ್ವಲ್ಪ ಮಾಸಿದಂತಾಗಿ, ಅಂಕಿಗಳು 140, 35, 40 ಆಗುತ್ತವೆ ಎಂದಿಟ್ಟುಕೊಳ್ಳೋಣ. ಕಣ್ಣಿದ್ದವರು ನೋಡಿದರೆ ಎರಡೂ ಕಡೆ ಅದು ಕುಂಕುಮಗೆಂಪೇ. ಒಳಗೆ ತುಸು ಗಾಢ, ಅಷ್ಟೇ.

ಈಗ ಪಟ್ಟಿಗೆ ಬರೋಣ. ಆ್ಯಪ್ ಬರೆಯುವವರಿಗೆ ಬಿಟ್ಟಿಯಾಗಿ, ಸಿದ್ಧವಾಗಿ ಸಿಗುವ ಪಟ್ಟಿಯೆಂದರೆ ವೆಬ್ ಪುಟಗಳಿಗೆ ಬಣ್ಣ ಕೊಡಲು ಬಳಸುವ ಸುಮಾರು 140 ಹೆಸರುಗಳದ್ದು. 1980ರ ದಶಕದಲ್ಲಿ ಕಂಪ್ಯೂಟರ್ ಪರದೆಗಳಿಗಾಗಿ ಮಾಡಿಕೊಂಡ ಪಟ್ಟಿಯೊಂದು ಇದರ ಮೂಲ. ಬಟ್ಟೆ, ಹಣ್ಣು, ಗೋಡೆ ಯಾವುದನ್ನೂ ನೋಡಿ ಹೆಸರಿಸಲೆಂದು ಅದನ್ನು ಮಾಡಿದ್ದಲ್ಲ. ಅದರಲ್ಲಿ ಕೆಂಪಿನ ಸುತ್ತಮುತ್ತ ಇರುವ ಕೆಲವು ಹೆಸರುಗಳೂ, ಒಳಕೋಣೆಯ 140, 35, 40ಕ್ಕೆ ಅವುಗಳ ದೂರವೂ ಹೀಗಿವೆ:

```
brown        165, 42, 42    26
firebrick    178, 34, 34    38
saddlebrown  139, 69, 19    40
darkred      139,  0,  0    53
maroon       128,  0,  0    54
```

ಮೂರೂ ಅಂಕಿಗಳ ವ್ಯತ್ಯಾಸವನ್ನು ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆದರೆ ಪ್ರತಿ ಸಾಲಿನ ಕೊನೆಯಲ್ಲಿರುವ ದೂರ ಸಿಗುತ್ತದೆ. ಎಲ್ಲಕ್ಕಿಂತ ಹತ್ತಿರ ಇರುವುದು ಬ್ರೌನ್. ಆದ್ದರಿಂದ ಆ್ಯಪ್ ಯಾವ ಅನುಮಾನವೂ ಇಲ್ಲದೆ "ಬ್ರೌನ್" ಎನ್ನುತ್ತದೆ, ಕನ್ನಡದಲ್ಲಾದರೆ "ಕಂದು". ಜಗಲಿಯ ಮೇಲೆ ಸಿಕ್ಕ 165, 20, 35ಕ್ಕೆ ಇದೇ ಲೆಕ್ಕ ಹಾಕಿದರೆ ಫೈರ್‌ಬ್ರಿಕ್ 19ರ ದೂರದಲ್ಲೂ ಬ್ರೌನ್ 23ರ ದೂರದಲ್ಲೂ ಬೀಳುತ್ತವೆ. ಹೊರಗೆ ಇಟ್ಟಿಗೆ ಕೆಂಪು ಎಂದದ್ದು ಹೊಸ್ತಿಲು ದಾಟಿದ ಕೂಡಲೇ ಕಂದು ಆಗುತ್ತದೆ. "ಅಕ್ಕಾ, ನೀ ಕೆಂಪು ಅಂತಿ, ಇದು ಬ್ರೌನ್ ಅನ್ನಾಕತ್ತೈತಲ್ಲ" ಎಂಬ ತಕರಾರು ಹುಟ್ಟುವುದು ಇಲ್ಲಿಯೇ, ಮತ್ತು ಅಲ್ಲಿ ಅಕ್ಕನ ಮಾತೇ ಸರಿ.

ಪಟ್ಟಿಯನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ ಇದರ ಕಾರಣ ಹೊಳೆಯುತ್ತದೆ. ಅದರಲ್ಲಿ ಬ್ರೌನ್ ಎಂದಿರುವ 165, 42, 42ರಲ್ಲಿ ಹಸಿರೂ ನೀಲಿಯೂ ಸಮ. ಅಂದರೆ ಅದರ ವರ್ಣ ಅಪ್ಪಟ ಕೆಂಪು. ನಾವು ಕಂದು ಎಂದಾಗ ನೆನಪಾಗುವ ಕಾಫಿ ಬೀಜ, ಮರದ ಕಟ್ಟಿಗೆ, ಒಣಗಿದ ಹುಣಸೆ ಸಿಪ್ಪೆ ಇವುಗಳಲ್ಲಿ ನೀಲಿಗಿಂತ ಹಸಿರಿನ ಪಾಲು ಸ್ಪಷ್ಟವಾಗಿ ಹೆಚ್ಚಿರುತ್ತದೆ. ಪಟ್ಟಿಯ ಬ್ರೌನ್ ಹೆಸರಿಗೆ ಮಾತ್ರ ಕಂದು, ಬಣ್ಣದಲ್ಲಿ ಗಾಢಗೆಂಪು. ಕ್ಯಾಮೆರಾ ಇಲ್ಲಿ ಸರಿಯಾಗಿಯೇ ನೋಡಿದೆ, ಲೆಕ್ಕವೂ ತಪ್ಪಿಲ್ಲ. ಹೆಸರು ಮಾತ್ರ ಕೇಳುವವರ ಮನಸ್ಸಿನಲ್ಲಿ ಬೇರೆಯದನ್ನು ಮೂಡಿಸುತ್ತದೆ.

ಇದೇ ಪಟ್ಟಿಯಲ್ಲಿ ಇನ್ನೂ ಸೋಜಿಗಗಳಿವೆ. ಡಾರ್ಕ್ ಗ್ರೇ ಎಂಬುದರ ಅಂಕಿ 169, ಬರೀ ಗ್ರೇ ಎಂಬುದರ ಅಂಕಿ 128. ಅಂಕಿ ಹೆಚ್ಚಾದಷ್ಟೂ ಬೆಳಕು ಹೆಚ್ಚು, ಆದ್ದರಿಂದ "ಗಾಢ ಬೂದು" ಎನ್ನಿಸಿಕೊಂಡದ್ದು ಬರೀ ಬೂದಿಗಿಂತ ತಿಳಿಯಾಗಿದೆ. ಎರಡು ಬೇರೆ ಬೇರೆ ಪಟ್ಟಿಗಳನ್ನು ಬೆಸೆದಾಗ ಉಳಿದುಹೋದ ತಪ್ಪು ಇದು, ಈಗ ತಿದ್ದಲಾರದಷ್ಟು ಹಳೆಯದಾಗಿದೆ.

ಬಳ್ಳಾರಿಯ ಜೀನ್ಸ್ ನೀಲಿಯಾಗದಿರುವುದು

ಬಳ್ಳಾರಿಯ ಘಟಕಗಳಲ್ಲಿ ಹೊಲಿಯುವ ಗಾಢ ನೀಲಿ ಜೀನ್ಸ್ ಒಂದರ ಮೇಲೆ ಫೋನು ಹಿಡಿದರೆ 40, 45, 60 ಎಂಬಂಥ ಅಂಕಿಗಳು ಬರಬಹುದು. ನೀಲಿ ಉಳಿದೆರಡಕ್ಕಿಂತ ಮುಂದಿದೆ, ಆದರೆ ಒಟ್ಟಾರೆ ಬೆಳಕು ಬಹಳ ಕಡಿಮೆ. ಪಟ್ಟಿಯಲ್ಲಿರುವ ನೀಲಿಗಳಲ್ಲಿ ಹೆಚ್ಚಿನವು ಪರದೆಯ ಮೇಲೆ ಹೊಳೆಯುವ ನೀಲಿಗಳು. ಅತಿ ಗಾಢವೆನಿಸುವ ಮಿಡ್‌ನೈಟ್ ಬ್ಲೂ ಕೂಡ 58ರಷ್ಟು ದೂರದಲ್ಲಿದೆ. 40ರಷ್ಟು ದೂರದಲ್ಲಿರುವ ಡಾರ್ಕ್ ಸ್ಲೇಟ್ ಗ್ರೇ ಗೆಲ್ಲುತ್ತದೆ. ಹೀಗೆ ಊರಿಗೆಲ್ಲ ನೀಲಿಯಾದ ಪ್ಯಾಂಟು ಫೋನಿಗೆ ಬೂದಾಗುತ್ತದೆ. ಜೀನ್ಸಿಗೆ ಬಣ್ಣ ಕೊಡುವ ಇಂಡಿಗೋದ ಹೆಸರು ಪಟ್ಟಿಯಲ್ಲಿ ಇಲ್ಲದಿಲ್ಲ. ಅದರ ಅಂಕಿ 75, 0, 130. ಅದು ಬದನೆಕಾಯಿಯ ಸಿಪ್ಪೆಗೆ ಹೊಂದುವ ನೇರಳೆಯೇ ಹೊರತು ಯಾವ ಜೀನ್ಸಿಗೂ ಹೊಂದುವುದಿಲ್ಲ.

ಗಾಢ ಬಣ್ಣಗಳಲ್ಲಿ ಈ ತೊಂದರೆ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ, ಏಕೆಂದರೆ ಅಂಕಿಗಳು ಸೊನ್ನೆಯ ಹತ್ತಿರ ಬಂದಂತೆ ಕಪ್ಪು, ಕಡುನೀಲಿ, ಕಡುಹಸಿರು, ಕಡುಕಂದು ಎಲ್ಲವೂ ಒಂದರ ಪಕ್ಕ ಒಂದು ಒತ್ತರಿಸಿ ನಿಲ್ಲುತ್ತವೆ. ಹಳದಿ ಬಲ್ಬಿನಡಿ ಇದು ಇನ್ನೂ ಕೆಡುತ್ತದೆ. ಆ ಬೆಳಕಿನಲ್ಲಿ ನೀಲಿಯ ಪಾಲೇ ಕಡಿಮೆ, ಹಾಗಾಗಿ ನೀಲಿ ಬಟ್ಟೆ ಮರಳಿಸಲು ನೀಲಿ ಬೆಳಕೇ ಸಾಕಷ್ಟು ಇರುವುದಿಲ್ಲ. ಕಡುನೀಲಿ ಮತ್ತು ಕಪ್ಪು ಸಾಕ್ಸುಗಳನ್ನು ಸಂಜೆ ಹೊತ್ತು ಕಣ್ಣಿದ್ದವರೂ ಅದಲು ಬದಲು ಮಾಡಿಕೊಳ್ಳುವುದು ಇದರಿಂದಲೇ.

ಕ್ಯಾಮೆರಾದ ಒಳ್ಳೆಯತನದ ತೊಂದರೆ

ಫೋನಿನ ಕ್ಯಾಮೆರಾವನ್ನು ಮಾಡಿರುವುದು ಚೆಂದದ ಫೋಟೊ ತೆಗೆಯಲಿಕ್ಕೆ, ಅಳೆಯಲಿಕ್ಕಲ್ಲ. ಚೆಂದಕ್ಕಾಗಿ ಅದು ಎರಡು ಕೆಲಸಗಳನ್ನು ತಾನಾಗಿ ಮಾಡುತ್ತದೆ. ದೃಶ್ಯ ತೀರ ಕತ್ತಲಾಗಿದ್ದರೆ ಬೆಳಗಿಸುತ್ತದೆ, ತೀರ ಬೆಳ್ಳಗಿದ್ದರೆ ತಗ್ಗಿಸುತ್ತದೆ. ಒಟ್ಟು ಚಿತ್ರ ನಡುಮಟ್ಟದ ಬೂದಿನ ಸುತ್ತ ಇರಲಿ ಎಂಬುದು ಅದರ ಗುರಿ. ಫೋಟೊದಲ್ಲಿ ಮನೆ, ಮರ, ಮನುಷ್ಯರು ಇದ್ದಾಗ ಇದು ಸರಿಯಾಗಿ ನಡೆಯುತ್ತದೆ. ಆದರೆ ಬಣ್ಣ ಕೇಳುವವರು ಬಟ್ಟೆಯನ್ನು ಹತ್ತಿರ ಹಿಡಿಯುತ್ತಾರೆ, ಪರದೆ ತುಂಬ ಬಿಳಿ ಪಂಚೆಯೊಂದೇ ತುಂಬಿಕೊಳ್ಳುತ್ತದೆ. ಕ್ಯಾಮೆರಾ ಅದನ್ನು "ಅತಿ ಬೆಳಕು" ಎಂದು ತಿಳಿದು ತಗ್ಗಿಸುತ್ತದೆ, ಪಂಚೆ ಬೂದಿನ ಕಡೆ ಜಾರುತ್ತದೆ. ಪರದೆ ತುಂಬ ಕರಿ ಪ್ಯಾಂಟು ಇದ್ದರೆ "ಕತ್ತಲು" ಎಂದು ತಿಳಿದು ಏರಿಸುತ್ತದೆ, ಅದೂ ಬೂದಿನ ಕಡೆಗೇ ಬರುತ್ತದೆ. ಕರಿದೂ ಬಿಳಿದೂ ಒಂದೇ ಹೆಸರಿನತ್ತ ಸಾಗುವುದು ಹೀಗೆ. ಇತ್ತೀಚಿನ ಫೋನುಗಳು ಇದನ್ನು ಸ್ವಲ್ಪ ಊಹಿಸಿ ಸರಿಪಡಿಸುತ್ತವೆ, ಪೂರ್ತಿಯಾಗಿ ಅಲ್ಲ.

ಎರಡನೆಯ ತಿದ್ದುಪಡಿ ಬೆಳಕಿನ ಬಣ್ಣದ್ದು. ಹಳದಿ ಬಲ್ಬಿನಡಿ ತೆಗೆದ ಫೋಟೊ ಹಳದಿಯಾಗಿ ಕಾಣದಿರಲೆಂದು ಕ್ಯಾಮೆರಾ ಹಳದಿಯನ್ನು ಕಳೆಯುತ್ತದೆ. ಪರದೆಯಲ್ಲಿ ಬೇರೇನೂ ಇಲ್ಲದೆ ಅರಿಶಿನ ಬಣ್ಣದ ಸೀರೆಯೇ ತುಂಬಿದ್ದರೆ, ಹಳದಿ ಬಂದದ್ದು ದೀಪದಿಂದಲೋ ಸೀರೆಯಿಂದಲೋ ಅದಕ್ಕೆ ಗೊತ್ತಾಗುವ ದಾರಿಯಿಲ್ಲ. ಅನುಮಾನವಿದ್ದಲ್ಲಿ ಅದು ಸ್ವಲ್ಪ ಕಳೆದೇ ಬಿಡುತ್ತದೆ. ಫೋನನ್ನು ಸ್ವಲ್ಪ ಹಿಂದೆ ಸರಿಸಿದಾಗ ಗೋಡೆಯೋ ಚಾಪೆಯೋ ಒಳಗೆ ಬಂದು ಹೆಸರು ಬದಲಾಗುವುದು ಈ ಕಾರಣಕ್ಕೆ. ಬಟ್ಟೆ ಬದಲಾಗಿಲ್ಲ, ಕ್ಯಾಮೆರಾಕ್ಕೆ ಹೋಲಿಸಿ ನೋಡಲು ಇನ್ನೊಂದು ವಸ್ತು ಸಿಕ್ಕಿದೆ.

ರಾಯಚೂರಿನ ನಡುಮಧ್ಯಾಹ್ನದ ಬಿಸಿಲಿನಲ್ಲಿ ತೊಂದರೆ ಇನ್ನೊಂದು ಬಗೆಯದು. ಬೆಳಕು ಕ್ಯಾಮೆರಾದ ಅಳತೆಯನ್ನೇ ಮೀರಿದರೆ ಮೂರೂ ಅಂಕಿಗಳು 255ಕ್ಕೆ ಬಡಿದು ನಿಲ್ಲುತ್ತವೆ. ತಿಳಿ ಗುಲಾಬಿ, ತಿಳಿ ಹಳದಿ, ಪಿಸ್ತಾ ಎಲ್ಲವೂ "ಬಿಳಿ" ಆಗುತ್ತವೆ. ರೇಷ್ಮೆಯ ಮೇಲೆ ಟಾರ್ಚ್ ಹಾಕಿದಾಗ ಹೊಳಪು ಬಿದ್ದ ಜಾಗದಲ್ಲೂ ಇದೇ ಆಗುತ್ತದೆ.

ಎಲ್ಲೂ ಇಲ್ಲದ ಬಣ್ಣ

ಸರಾಸರಿ ತೆಗೆಯುವುದರಿಂದ ಹುಟ್ಟುವ ತಪ್ಪು ನಮ್ಮ ಕಡೆಯ ಬಟ್ಟೆಗಳಲ್ಲಿ ಹೆಚ್ಚು ಕಾಣುತ್ತದೆ, ಏಕೆಂದರೆ ಸಣ್ಣ ಚೌಕಳಿಯೂ ಗೀರೂ ಇಲ್ಲಿ ರೂಢಿ. ಅರ್ಧ ಬಿಳಿ, ಅರ್ಧ ಕೆಂಪು ಇರುವ ಸಣ್ಣ ಚೌಕಳಿಯ ಮೇಲೆ ಓದುವ ಚೌಕ ಬಿದ್ದಿತೆನ್ನೋಣ. ಬಿಳಿಯ 255, 255, 255ನ್ನೂ ಕೆಂಪಿನ 200, 0, 0ಯನ್ನೂ ಕೂಡಿ ಅರ್ಧ ಮಾಡಿದರೆ ಸುಮಾರು 228, 128, 128 ಬರುತ್ತದೆ. ಪಟ್ಟಿಯಲ್ಲಿ ಅದಕ್ಕೆ ಹತ್ತಿರದ್ದು ಲೈಟ್ ಕೋರಲ್, ಅಂದರೆ ತಿಳಿ ಹವಳ. ಬಟ್ಟೆಯ ಒಂದು ನೂಲಿನಲ್ಲೂ ಇಲ್ಲದ ಬಣ್ಣವನ್ನು ಫೋನು ಹೇಳಿತು. ಹಾಸುನೂಲಿಗೆ ಒಂದು ಬಣ್ಣ, ಹೊಕ್ಕುನೂಲಿಗೆ ಇನ್ನೊಂದು ಬಣ್ಣ ಹಾಕಿ ನೇಯ್ದ, ಆಡಿಸಿದರೆ ಬಣ್ಣ ಬದಲಿಸುವ ಸೀರೆಯಲ್ಲಂತೂ ಸರಿಯಾದ ಒಂದು ಉತ್ತರ ಎಂಬುದೇ ಇಲ್ಲ. ಅಲ್ಲಿ ಪ್ರತಿ ಕೋನಕ್ಕೂ ಒಂದು ಹೆಸರು ಬರುವುದನ್ನು ತಪ್ಪೆನ್ನಲಾಗದು.

ಹೆಸರು ಎಷ್ಟಿರಬೇಕು ಎಂಬ ಜಗಳ

ಆ್ಯಪ್ ಮಾಡುವವರಲ್ಲೂ ಬಳಸುವವರಲ್ಲೂ ಇಲ್ಲಿ ಎರಡು ಪಕ್ಷಗಳಿವೆ. ಹತ್ತು ಹನ್ನೆರಡು ಹೆಸರು ಸಾಕು ಎಂಬುದು ಒಂದು. ಭಾಷೆಗಳ ಮೂಲ ಬಣ್ಣಪದಗಳು ಹೆಚ್ಚೆಂದರೆ 11 ಎಂದು 1969ರಲ್ಲಿ ಬರ್ಲಿನ್ ಮತ್ತು ಕೇ ಎಂಬ ವಿದ್ವಾಂಸರು ವಾದಿಸಿದ್ದು ಈ ಪಕ್ಷಕ್ಕೆ ಬೆನ್ನೆಲುಬು. ಹುಟ್ಟಿನಿಂದಲೇ ಕಾಣದವರಿಗೆ ಬಣ್ಣವೆಂದರೆ ಬಹುಮಟ್ಟಿಗೆ ಹೊಂದಿಕೆಯ ನಿಯಮ: ಇದಕ್ಕೆ ಇದು ಒಪ್ಪುತ್ತದೆ, ಇದನ್ನು ಬಿಳಿಯ ಜೊತೆ ಒಗೆಯಬಾರದು. ಅದಕ್ಕೆ "ಗಾಢ ಕೆಂಪು" ಸಾಕು, ಫೈರ್‌ಬ್ರಿಕ್ ಬೇಡ. ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರಲ್ಲಿ ಅನೇಕರು ಇನ್ನೊಂದು ಪಕ್ಷದವರು. ಅವರಿಗೆ ಬಣ್ಣದ ನೆನಪಿದೆ, ಗಿಳಿಹಸಿರಿಗೂ ಮೆಹಂದಿ ಹಸಿರಿಗೂ ವ್ಯತ್ಯಾಸ ಬೇಕು.

ಕನ್ನಡದಲ್ಲಿ ಈ ಜಗಳಕ್ಕೆ ಇನ್ನೊಂದು ಗಂಟಿದೆ. ಇಂಗ್ಲಿಷ್ ಪಟ್ಟಿಯನ್ನು ಅರ್ಥ ನೋಡದೆ ಅನುವಾದಿಸಿದರೆ ಲೈಮ್ ಎಂಬ ಉರಿಹಸಿರು "ಸುಣ್ಣ" ಆಗಿಬಿಡಬಹುದು. ಕೇಳಿದವರು ಬಿಳಿ ಎಂದುಕೊಳ್ಳುತ್ತಾರೆ. ನೇವಿ "ನೌಕಾಪಡೆ" ಆಗಬಹುದು. ಸರಿಯಾಗಿಯೇ ಅನುವಾದಿಸಿದರೂ ಪಟ್ಟಿಯ ಚಾಕೊಲೆಟ್ 210, 105, 30, ಅಂದರೆ ಕಿತ್ತಳೆ ಬೆರೆತ ಕಂದು. ಬಟ್ಟೆ ಅಂಗಡಿಯಲ್ಲಿ ಚಾಕ್ಲೇಟ್ ಬಣ್ಣ ಕೇಳಿದರೆ ಕೊಡುವುದು ಕಪ್ಪಿಗೆ ಹತ್ತಿರದ್ದು. ಅಂಗಡಿಯವರು ದಿನವೂ ಬಳಸುವ ರಾಮಾ ಹಸಿರು, ರಾಣಿ ಬಣ್ಣ, ದಾಳಿಂಬೆ, ನವಿಲು ಬಣ್ಣ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಇಂಗ್ಲಿಷ್ ಪಟ್ಟಿಯನ್ನು ಕನ್ನಡಿಸುವ ಬದಲು, ಇಲ್ಲಿನ ಅಂಗಡಿಯ ಬಟ್ಟೆಗಳನ್ನು ಅಳೆದು ಕನ್ನಡದ ಪಟ್ಟಿಯನ್ನೇ ಹೊಸದಾಗಿ ಕಟ್ಟುವುದು ಸರಿಯಾದ ದಾರಿ ಎಂದು ತೋರುತ್ತದೆ. ಹೇಳುವ ಕ್ರಮವೂ ಬದಲಾಗಬೇಕು: ಮೊದಲು ಕುಟುಂಬ, ಆಮೇಲೆ ಛಾಯೆ. ಎರಡು ಕುಟುಂಬಗಳು ಹತ್ತಿರ ಹತ್ತಿರ ಬಂದಲ್ಲಿ "ಕಂದು ಅಥವಾ ಕೆಂಪು" ಎಂದು ಅನುಮಾನವನ್ನೂ ಹೇಳಬೇಕು. ಕೊಪ್ಪಳದ ಸೆರಗಿನಲ್ಲಿ ದೂರಗಳು 26 ಮತ್ತು 38. ಅಷ್ಟು ಕಡಿಮೆ ಅಂತರದಲ್ಲಿ ಒಂದೇ ಹೆಸರನ್ನು ಖಚಿತವಾಗಿ ಹೇಳುವುದು ಆ್ಯಪ್‌ನ ದಾರ್ಷ್ಟ್ಯ.

ದೃಶ್ಯ ವರ್ಣಿಸುವ ಆ್ಯಪ್‌ಗಳಿಂದ ಬದಲಾದದ್ದು

2015ರಿಂದ ಕಣ್ಣಿದ್ದ ಸ್ವಯಂಸೇವಕರನ್ನು ವಿಡಿಯೊ ಕರೆಯಲ್ಲಿ ಜೋಡಿಸುತ್ತಿದ್ದ ಬಿ ಮೈ ಐಸ್, 2023ರಲ್ಲಿ ಕೃತಕ ಬುದ್ಧಿಮತ್ತೆಯಿಂದ ಫೋಟೊ ವರ್ಣಿಸುವ ಸೌಲಭ್ಯವನ್ನೂ ತಂದಿತು. ಇಂಥವು ನಡುವಿನ ಚೌಕವನ್ನಷ್ಟೇ ಓದುವುದಿಲ್ಲ. ಒಡಲು ಯಾವುದು, ಅಂಚು ಯಾವುದು, ನೆರಳು ಯಾವುದು ಎಂದು ಬೇರ್ಪಡಿಸಿ "ಕೆಂಪು ಸೆರಗಿನ, ಚೌಕಳಿಯ ಸೀರೆ" ಎನ್ನಬಲ್ಲವು. ಚೌಕಳಿಯನ್ನು ಹವಳ ಮಾಡುವ ತಪ್ಪು ಇಲ್ಲಿ ಬಹುತೇಕ ಇಲ್ಲ.

ಆದರೆ ಅವಕ್ಕೂ ಸಿಗುವುದು ಅದೇ ಕ್ಯಾಮೆರಾ ತಿದ್ದಿಕೊಟ್ಟ ಫೋಟೊ. ಅದರ ಮೇಲೆ ಅವು ತಮ್ಮ ರೂಢಿಯ ನಿರೀಕ್ಷೆಯನ್ನೂ ಸೇರಿಸುತ್ತವೆ: ಮಬ್ಬು ಫೋಟೊದಲ್ಲಿ ಬಾಳೆಹಣ್ಣು ಕಂಡರೆ ಹಳದಿ ಎನ್ನುವ ಒಲವು ಇರುತ್ತದೆ, ಅದು ಇನ್ನೂ ಕಾಯಿಯಾಗಿದ್ದರೂ. ಸರಳ ಆ್ಯಪ್ ತಪ್ಪಿದಾಗ ಹೆಸರು ಕುಣಿಯುತ್ತದೆ, ಆ ಕುಣಿತವೇ ಎಚ್ಚರಿಕೆ. ವರ್ಣಿಸುವ ಆ್ಯಪ್ ತಪ್ಪಿದಾಗ ವಾಕ್ಯ ಮಾತ್ರ ನಯವಾಗಿಯೇ ಇರುತ್ತದೆ. ಅದಕ್ಕೆ ಸಾಮಾನ್ಯವಾಗಿ ಇಂಟರ್ನೆಟ್ ಬೇಕು, ಉತ್ತರಕ್ಕೆ ಕೆಲವು ಸೆಕೆಂಡು ಕಾಯಬೇಕು, ಬಟ್ಟೆಯ ಮೇಲೆ ಫೋನು ಸರಿಸುತ್ತ ಅಂಚು ಹುಡುಕುವ ಕೆಲಸಕ್ಕೆ ಅದು ಒಗ್ಗದು.

ನಂಬುವ ಮುನ್ನ ಪರೀಕ್ಷಿಸುವುದು

ಕಣ್ಣಿನ ನೆರವಿಲ್ಲದೆಯೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಬಿಳಿ ಎಂದು ಖಚಿತವಾಗಿ ಗೊತ್ತಿರುವ ಒಂದು ಹಾಳೆಯನ್ನು ಜೊತೆಗಿಟ್ಟುಕೊಂಡು, ಬಟ್ಟೆಗಿಂತ ಮೊದಲು ಅದರ ಬಣ್ಣ ಕೇಳಬೇಕು. "ಬಿಳಿ" ಅಥವಾ "ತಿಳಿ ಬೂದು" ಎಂದರೆ ಬೆಳಕು ಬಹುಮಟ್ಟಿಗೆ ಸರಿಯಿದೆ. "ಹಳದಿ", "ಕೆನೆ", "ತಿಳಿ ನೀಲಿ" ಎಂದರೆ ಆ ಜಾಗದಲ್ಲಿ ಯಾವ ಬಟ್ಟೆಯ ಬಣ್ಣವನ್ನೂ ನಂಬಬಾರದು, ಕಿಟಕಿಯ ಹತ್ತಿರ ಹೋಗಬೇಕು. ಆಮೇಲೆ ಅದೇ ಹಾಳೆಯನ್ನು ಬಟ್ಟೆಯ ಮೇಲೆ ಅರ್ಧ ಹಾಸಿ, ಪರದೆಯಲ್ಲಿ ಎರಡೂ ಇರುವಂತೆ ಒಂದು ಗೇಣು ದೂರದಲ್ಲಿ ಫೋನು ಹಿಡಿದು, ನಡುವಿನ ಬಿಂದು ಬಟ್ಟೆಯ ಮೇಲೆ ಬೀಳುವಂತೆ ಸರಿಸಬೇಕು. ಹಾಳೆ ಕ್ಯಾಮೆರಾಕ್ಕೆ ಹೋಲಿಕೆಯಾಗಿ ನಿಲ್ಲುವುದರಿಂದ ಕರಿ ಕರಿಯಾಗಿಯೂ ಅರಿಶಿನ ಅರಿಶಿನವಾಗಿಯೂ ಉಳಿಯುವ ಸಾಧ್ಯತೆ ಹೆಚ್ಚು.

ಮೂರು ಬೇರೆ ಬೇರೆ ಜಾಗದಲ್ಲಿ ಕೇಳಿದಾಗ ಬರುವ ಹೆಸರುಗಳೂ ಸುಳಿವು ಕೊಡುತ್ತವೆ. ಕೆಂಪು, ಮರೂನ್, ಬ್ರೌನ್ ಎಂದು ತಿರುಗಿದರೆ ಅದು ಬಹುಮಟ್ಟಿಗೆ ಗಾಢ ಕೆಂಪು. ಕಪ್ಪು, ಬೂದು, ಕಡುನೀಲಿ ಎಂದು ತಿರುಗಿದರೆ ಗಾಢವೆಂಬುದಷ್ಟೇ ನಿಜ. ಬಣ್ಣ ಹಗಲಿನಲ್ಲಿ ಮತ್ತೆ ಕೇಳಬೇಕು. ಸಂಬಂಧವೇ ಇಲ್ಲದ ಹೆಸರುಗಳು ಬಂದರೆ ಬಟ್ಟೆಯಲ್ಲಿ ಚಿತ್ತಾರವಿದೆ ಎಂದರ್ಥ. ತಮ್ಮದೇ ಬೆಳಕು ಇರುವ, ಬಟ್ಟೆಗೆ ಒತ್ತಿ ಹಿಡಿಯುವ ಕೈಯುಪಕರಣಗಳೂ ಇವೆ. ಹೊರಗಿನ ಬೆಳಕು ಒಳಗೆ ಬರದ ಕಾರಣ ಅವುಗಳ ಅಳತೆ ಹೆಚ್ಚು ಸ್ಥಿರ. ಹೆಸರಿನ ಪಟ್ಟಿಯ ತೊಂದರೆ ಮಾತ್ರ ಅವಕ್ಕೂ ತಪ್ಪಿದ್ದಲ್ಲ.

ತಪ್ಪಿನ ಬೆಲೆ ಎಲ್ಲ ಕಡೆ ಒಂದೇ ಅಲ್ಲ. ಕುಪ್ಪಸ ಹೊಂದದಿದ್ದರೆ ಮದುವೆ ಮನೆಯಲ್ಲಿ ಒಂದು ಮಾತು ಕೇಳಬೇಕಾದೀತು. ಬಣ್ಣ ಬಿಡುವ ಬಟ್ಟೆ ಬಿಳಿಯ ಜೊತೆ ನೆನೆದರೆ ಬಟ್ಟೆ ಹಾಳು. ಮಾತ್ರೆಯನ್ನಾಗಲಿ ವಿದ್ಯುತ್ ತಂತಿಯನ್ನಾಗಲಿ ಈ ಆ್ಯಪ್ ನಂಬಿ ಆರಿಸುವಂತಿಲ್ಲ. ನೋಟಿನ ವಿಷಯದಲ್ಲೂ ಹಾಗೆಯೇ: 10 ರೂಪಾಯಿಯ ನೋಟನ್ನು ರಿಸರ್ವ್ ಬ್ಯಾಂಕ್ ಚಾಕ್ಲೇಟ್ ಕಂದು ಎಂದೂ 500ರದ್ದನ್ನು ಕಲ್ಲಿನ ಬೂದು ಎಂದೂ ವರ್ಣಿಸುತ್ತದೆ, ಆದರೆ ಮಾಸಿದ ನೋಟು ಮಬ್ಬು ಬೆಳಕಿನಲ್ಲಿ ಯಾವ ಹೆಸರನ್ನಾದರೂ ಪಡೆಯಬಹುದು. ಅದಕ್ಕಾಗಿಯೇ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ತಂದ ಮಣಿ ಎಂಬ ಆ್ಯಪ್ ಇದೆ. ಅದು ನೋಟಿನ ಚಿತ್ರವನ್ನೇ ಗುರುತಿಸಿ ಮೊತ್ತ ಹೇಳುತ್ತದೆ, ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ.